ಎರಡು ನಿಮಿಷದ ಫ್ರೇಮಿನಲ್ಲಿ ನಕ್ಷತ್ರ ಗೆರೆಯಾದಾಗ: ಟ್ರ್ಯಾಕಿಂಗ್ ಮತ್ತು ಆಟೋಗೈಡಿಂಗ್ ದೋಷ ಪತ್ತೆ

ದೋಷದ ಲಕ್ಷಣ ಸರಳವಾದುದು. ನೀಹಾರಿಕೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದರೆ ನಕ್ಷತ್ರಗಳು ದುಂಡಾಗಿರದೆ ಮೊಟ್ಟೆಯಂತೆಯೋ ಗೆರೆಯಂತೆಯೋ ಕಾಣುತ್ತವೆ. ಇದಕ್ಕೆ ಕಾರಣಗಳು ಮಾತ್ರ ಹಲವು, ಮತ್ತು ಒಂದರ ಪರಿಹಾರ ಇನ್ನೊಂದಕ್ಕೆ ಒದಗುವುದಿಲ್ಲ. ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿನ ಗೇರಿನಿಂದ ಬಂದ ದೋಷಕ್ಕೆ ಧ್ರುವ ಹೊಂದಾಣಿಕೆಯನ್ನು, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವದತ್ತ ನೆಡುವುದನ್ನು, ಎಷ್ಟು ಸಲ ತಿದ್ದಿದರೂ ಫಲವಿಲ್ಲ. ನಕ್ಷತ್ರವೊಂದನ್ನು ನೋಡುತ್ತಾ ಮೌಂಟಿನ ಚಲನೆಯನ್ನು ತಿದ್ದಲು ನೆರವಾಗುವ ಗೈಡ್ ದೂರದರ್ಶಕದ ಉಂಗುರ ಸಡಿಲವಾಗಿದ್ದರೆ ಗೈಡಿಂಗ್ ತಂತ್ರಾಂಶದ ಅಂಕಿಗಳನ್ನು ಬದಲಿಸಿ ಪ್ರಯೋಜನವಿಲ್ಲ. ಆದ್ದರಿಂದ ಯಾವ ಸ್ಕ್ರೂಗೂ ಕೈ ಹಾಕುವ ಮೊದಲು, ಈಗಾಗಲೇ ತೆಗೆದ ಫ್ರೇಮುಗಳನ್ನು ಸರಿಯಾಗಿ ಓದುವುದು ಈ ಕೆಲಸದ ಮುಖ್ಯ ಭಾಗ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಹೆಬ್ರಿಯ ಬಳಿಯ ತೋಟದ ಮನೆಯ ಅಂಗಳದಿಂದ ಗೆಳೆಯರೊಬ್ಬರು ತೆಗೆದ ಓರಿಯನ್ ನೀಹಾರಿಕೆಯ, ಅಂದರೆ ಎಂ42ರ, ಫ್ರೇಮುಗಳನ್ನು. ದೂರದರ್ಶಕ 400 ಮಿಲಿಮೀಟರ್ ನಾಭಿದೂರದ್ದು. ಕ್ಯಾಮೆರಾ ಸಾಧಾರಣ ಡಿಎಸ್‌ಎಲ್‌ಆರ್, ಅದರ ಪಿಕ್ಸೆಲ್ ಗಾತ್ರ 4.3 ಮೈಕ್ರಾನ್. ಮೌಂಟ್ 135 ಹಲ್ಲಿನ ವರ್ಮ್ ಚಕ್ರವಿರುವ ಈಕ್ವಟೋರಿಯಲ್ ಮೌಂಟ್. ಪ್ರತಿ ಫ್ರೇಮೂ 120 ಸೆಕೆಂಡಿನದು, ಎರಡು ಫ್ರೇಮುಗಳ ನಡುವೆ 8 ಸೆಕೆಂಡ್ ಬಿಡುವು. ಮೊದಲ ರಾತ್ರಿ ಮೌಂಟ್ ಟ್ರ್ಯಾಕಿಂಗ್ ಮಾಡುತ್ತಿತ್ತು, ಅಂದರೆ ಆಕಾಶದ ವೇಗಕ್ಕೆ ಸರಿಯಾಗಿ ತಿರುಗುತ್ತಿತ್ತು, ಆದರೆ ಗೈಡಿಂಗ್ ಇರಲಿಲ್ಲ.

ಮೊದಲು ಅಳತೆ

ಯಾವ ದೋಷ ದೊಡ್ಡದು, ಯಾವುದು ನಗಣ್ಯ ಎಂದು ತೀರ್ಮಾನಿಸಲು ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ ಎಂಬುದು ತಿಳಿದಿರಬೇಕು. ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲೂ ನಾಭಿದೂರವನ್ನು ಮಿಲಿಮೀಟರಿನಲ್ಲೂ ಇಟ್ಟರೆ ಉತ್ತರ ಕೋನ ಸೆಕೆಂಡಿನಲ್ಲಿ, ಅಂದರೆ ಡಿಗ್ರಿಯ 3,600ನೆಯ ಒಂದು ಪಾಲಿನ ಲೆಕ್ಕದಲ್ಲಿ, ಬರುತ್ತದೆ:

```
206.265 × 4.3 / 400 = 2.2
```

ಅಂದರೆ ಈ ಸಲಕರಣೆಯಲ್ಲಿ ಒಂದು ಪಿಕ್ಸೆಲ್ ಎಂದರೆ 2.2 ಕೋನ ಸೆಕೆಂಡ್. ಭೂಮಿ ತನ್ನ ಸುತ್ತ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಮ್ಮೆ ತಿರುಗುವುದರಿಂದ, ಆಕಾಶದಲ್ಲಿ ಭೂಮಧ್ಯರೇಖೆಯ ನೇರ ಮೇಲಿರುವ ವಿಷುವದ್ವೃತ್ತದ ಸಮೀಪದ ನಕ್ಷತ್ರ ಪ್ರತಿ ಸೆಕೆಂಡಿಗೆ ಸುಮಾರು 15 ಕೋನ ಸೆಕೆಂಡಿನಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಎಂ42 ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಐದೂವರೆ ಡಿಗ್ರಿಯೊಳಗೇ ಇರುವುದರಿಂದ ಅದಕ್ಕೂ ಇದೇ ಲೆಕ್ಕ. ಕ್ಯಾಮೆರಾವನ್ನು ಸಾದಾ ಟ್ರೈಪಾಡಿನ ಮೇಲಿಟ್ಟರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಏಳು ಪಿಕ್ಸೆಲ್ ಉದ್ದದ ಗೆರೆಯಾಗುತ್ತದೆ. ಎರಡು ನಿಮಿಷದಲ್ಲಿ 1,800 ಕೋನ ಸೆಕೆಂಡ್, ಅಂದರೆ ಹುಣ್ಣಿಮೆಯ ಚಂದ್ರನ ಅಗಲದಷ್ಟು ದೂರ ಸರಿದಿರುತ್ತದೆ.

ಹಾಗಾದರೆ ಒಂದೊಂದು ಸೆಕೆಂಡಿನ ಸಾವಿರಾರು ಫ್ರೇಮುಗಳನ್ನು ತೆಗೆದು ಕೂಡಿಸಿದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದುದು. ಏಳು ಪಿಕ್ಸೆಲಿನ ಗೆರೆಯನ್ನು ಬದಿಗಿಟ್ಟರೂ ಇದರಲ್ಲಿ ಇನ್ನೊಂದು ನಷ್ಟವಿದೆ. ಸೆನ್ಸರಿನಿಂದ ಪ್ರತಿ ಫ್ರೇಮನ್ನು ಓದುವಾಗಲೂ ಸ್ವಲ್ಪ ಗದ್ದಲ, ಅಂದರೆ ಅಡ್ಡಾದಿಡ್ಡಿ ಏರಿಳಿತ, ಸೇರುತ್ತದೆ; ಅದು ಎಕ್ಸ್‌ಪೋಷರ್ ಎಷ್ಟು ಉದ್ದ ಎಂಬುದನ್ನು ಅವಲಂಬಿಸದೆ ಎಷ್ಟು ಸಲ ಓದಿದೆವು ಎಂಬುದನ್ನು ಅವಲಂಬಿಸಿದೆ. ನೀಹಾರಿಕೆಯ ಹೊರಗಿನ ಮಂಕು ಪೊರೆಯಿಂದ ಒಂದು ಪಿಕ್ಸೆಲಿಗೆ ಇಪ್ಪತ್ತು ಸೆಕೆಂಡಿಗೆ ಒಂದು ಎಲೆಕ್ಟ್ರಾನ್ ದೊರೆಯುತ್ತದೆ ಎಂದೂ, ಓದುವ ಗದ್ದಲ 3 ಎಲೆಕ್ಟ್ರಾನ್ ಎಂದೂ ಇಟ್ಟುಕೊಳ್ಳೋಣ. ಎರಡು ಗಂಟೆಯಲ್ಲಿ ಸಿಗುವ ಸಂಕೇತ 360 ಎಲೆಕ್ಟ್ರಾನ್. ಇದನ್ನು 7,200 ಫ್ರೇಮುಗಳಲ್ಲಿ ಸಂಗ್ರಹಿಸಿದರೆ ಒಟ್ಟು ಗದ್ದಲ 255ರ ಸುಮಾರಿಗಿರುತ್ತದೆ, ಎರಡು ನಿಮಿಷದ 60 ಫ್ರೇಮುಗಳಲ್ಲಿ ಸಂಗ್ರಹಿಸಿದರೆ 30ರ ಸುಮಾರಿಗೆ. ಮೊದಲನೆಯದರಲ್ಲಿ ಪೊರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಎರಡನೆಯದರಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಈ ಲೆಕ್ಕದಲ್ಲಿ ಆಕಾಶದ ಹಿನ್ನೆಲೆ ಬೆಳಕನ್ನು ಬಿಟ್ಟಿದ್ದೇನೆ. ಮಂಗಳೂರು ನಗರದೊಳಗಿನ ತಾರಸಿಯಿಂದ ತೆಗೆಯುವವರಿಗೆ ಬೀದಿದೀಪಗಳ ಬೆಳಕೇ ಬೇಗನೆ ಮುಖ್ಯ ಗದ್ದಲವಾಗುವುದರಿಂದ 30 ಸೆಕೆಂಡಿನಾಚೆ ಉದ್ದಗೊಳಿಸಿ ಸಿಗುವ ಲಾಭ ಕಡಿಮೆ. ಹೆಬ್ರಿ, ಕಾರ್ಕಳದಾಚೆಯ ಕತ್ತಲಿನಲ್ಲಿ ಮಾತ್ರ ದೀರ್ಘ ಎಕ್ಸ್‌ಪೋಷರಿನ ಪೂರ್ಣ ಬೆಲೆ ಸಿಗುತ್ತದೆ. ಎಷ್ಟು ಕತ್ತಲಿರುವ ಜಾಗವೋ ಅಷ್ಟು ಒಳ್ಳೆಯ ಟ್ರ್ಯಾಕಿಂಗ್ ಬೇಕಾಗುವುದಕ್ಕೆ ಇದೇ ಕಾರಣ.

ಆಕಾಶದ ವಸ್ತುವನ್ನು ಬಟನ್ ಒತ್ತಿದರೆ ತಾನೇ ಹುಡುಕಿಕೊಡುವ, ಮೇಲೆ-ಕೆಳಗೆ ಮತ್ತು ಅಡ್ಡಕ್ಕೆ ತಿರುಗುವ ಆಲ್ಟ್-ಅಝಿಮತ್ ಮೌಂಟ್ ಇದ್ದವರು, ತಮ್ಮದೂ ಟ್ರ್ಯಾಕಿಂಗ್ ಮಾಡುತ್ತದಲ್ಲ ಎಂದು ಕೇಳುತ್ತಾರೆ. ಅದು ವಸ್ತುವನ್ನು ಫ್ರೇಮಿನ ನಡುವೆ ಹಿಡಿದಿಡುತ್ತದೆ, ಆದರೆ ಚಿತ್ರ ಆ ನಡುವಿನ ಸುತ್ತ ತಿರುಗುವುದನ್ನು ತಡೆಯುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಈ ತಿರುಗುವಿಕೆ ವಿಶೇಷವಾಗಿ ತೀವ್ರ. ಎಂ42 ಉಡುಪಿಯಲ್ಲಿ, ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ಯಾಮ್ಯೋತ್ತರ ವೃತ್ತವನ್ನು ದಾಟುವಾಗ 71 ಡಿಗ್ರಿ ಎತ್ತರದಲ್ಲಿರುತ್ತದೆ, ಆಗ ಚಿತ್ರ ಗಂಟೆಗೆ ಸುಮಾರು 45 ಡಿಗ್ರಿಯಂತೆ ತಿರುಗುತ್ತದೆ. ಒಂದೇ ನಿಮಿಷದಲ್ಲಿ ಡಿಎಸ್‌ಎಲ್‌ಆರ್ ಫ್ರೇಮಿನ ಮೂಲೆಯ ನಕ್ಷತ್ರ 40 ಪಿಕ್ಸೆಲಿನ ಕಮಾನಾಗುತ್ತದೆ. ನಡುವಿನ ನಕ್ಷತ್ರಗಳು ದುಂಡಾಗಿದ್ದು ಹೊರಗೆ ಹೋದಂತೆ ಕಮಾನುಗಳು ಉದ್ದವಾಗುತ್ತಿದ್ದರೆ ಕಾರಣ ಇದೇ; ಧ್ರುವದತ್ತ ನೆಟ್ಟ ಒಂದೇ ಅಕ್ಷದ ಮೇಲೆ ತಿರುಗುವ ಈಕ್ವಟೋರಿಯಲ್ ಮೌಂಟ್ ಹೊರತು ಬೇರೆ ಸರಳ ಪರಿಹಾರವಿಲ್ಲ.

ಗೆರೆ ಯಾವ ದಿಕ್ಕಿಗಿದೆ?

ಈಕ್ವಟೋರಿಯಲ್ ಮೌಂಟಿನಲ್ಲಿ ಎರಡು ಅಕ್ಷಗಳು. ಒಂದು ಧ್ರುವದತ್ತ ನೆಟ್ಟು ಭೂಮಿಯ ತಿರುಗುವಿಕೆಗೆ ಎದುರಾಗಿ ತಿರುಗುವ ಆರ್‌ಎ ಅಕ್ಷ. ಇನ್ನೊಂದು ಉತ್ತರ-ದಕ್ಷಿಣಕ್ಕೆ ತಿರುಗುವ ಡೆಕ್ ಅಕ್ಷ, ಇದು ಟ್ರ್ಯಾಕಿಂಗ್ ವೇಳೆ ಸುಮ್ಮನಿರಬೇಕು. ಗೆರೆ ಪೂರ್ವ-ಪಶ್ಚಿಮವಾಗಿದ್ದರೆ ಸಂಶಯ ಆರ್‌ಎ ಅಕ್ಷದ ಗೇರಿನ ಮೇಲೆ, ಉತ್ತರ-ದಕ್ಷಿಣವಾಗಿದ್ದರೆ ಧ್ರುವ ಹೊಂದಾಣಿಕೆಯ ಮೇಲೆ. ಆದರೆ ಕ್ಯಾಮೆರಾವನ್ನು ಯಾವ ಕೋನದಲ್ಲಿ ಜೋಡಿಸಿದ್ದೇವೋ ಗೊತ್ತಿರುವುದಿಲ್ಲವಾದ್ದರಿಂದ ಚಿತ್ರದಲ್ಲಿ ಪಶ್ಚಿಮ ಯಾವ ಕಡೆ ಎಂದು ಮೊದಲು ಕಂಡುಕೊಳ್ಳಬೇಕು.

ಇದಕ್ಕೆ 20 ಸೆಕೆಂಡಿನ ಒಂದು ಫ್ರೇಮ್ ಸಾಕು. ಮೊದಲ 15 ಸೆಕೆಂಡ್ ಟ್ರ್ಯಾಕಿಂಗ್ ನಡೆಯಲಿ, ಕೊನೆಯ 5 ಸೆಕೆಂಡ್ ಟ್ರ್ಯಾಕಿಂಗನ್ನು ನಿಲ್ಲಿಸಿ. ಪ್ರಕಾಶಮಾನವಾದ ಪ್ರತಿ ನಕ್ಷತ್ರಕ್ಕೂ ಸುಮಾರು 34 ಪಿಕ್ಸೆಲ್ ಉದ್ದದ ಬಾಲ ಬಂದಿರುತ್ತದೆ. ಬಾಲ ಚಾಚಿರುವ ಕಡೆ ಪಶ್ಚಿಮ. ಚಿತ್ರವನ್ನು ಪಶ್ಚಿಮ ಬಲಕ್ಕೆ ಬರುವಂತೆ ತಿರುಗಿಸಿದರೆ, ನಡುವೆ ಕನ್ನಡಿಯ ಡಯಾಗನಲ್ ಇಲ್ಲದ ರಿಫ್ರಾಕ್ಟರಿನಲ್ಲಿ ಮೇಲ್ಭಾಗ ಉತ್ತರವಾಗಿರುತ್ತದೆ. ಕ್ಯಾಮೆರಾವನ್ನು ಮತ್ತೆ ತಿರುಗಿಸದಿದ್ದರೆ ಇಡೀ ರಾತ್ರಿಗೆ ಈ ಒಂದು ಫ್ರೇಮ್ ದಿಕ್ಸೂಚಿಯಾಗುತ್ತದೆ.

ಇದೇ ಹಂತದಲ್ಲಿ ದೃಗ್ದೋಷಗಳನ್ನು ಬೇರ್ಪಡಿಸಿಬಿಡಬೇಕು. ಗೆರೆಗಳು ಫ್ರೇಮಿನ ಎಲ್ಲೆಡೆ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಇದ್ದರೆ ಅದು ಚಲನೆಯ ದೋಷ. ನಡುವೆ ದುಂಡಾಗಿದ್ದು ನಾಲ್ಕು ಮೂಲೆಗಳಲ್ಲಿ ನಡುವಿನಿಂದ ಹೊರಮುಖವಾಗಿ ಚಾಚಿದ್ದರೆ, ಅಥವಾ ಒಂದೇ ಮೂಲೆ ಕೆಟ್ಟಿದ್ದರೆ, ಅದು ಲೆನ್ಸಿನದೋ ಕ್ಯಾಮೆರಾ ಓರೆಯಾಗಿ ಕೂತದ್ದರದೋ ದೋಷ. ಐದು ಸೆಕೆಂಡಿನ ಫ್ರೇಮಿನಲ್ಲೂ ಅದೇ ಆಕಾರ ಕಾಣಿಸಿದರೆ ಮೌಂಟನ್ನು ದೂಷಿಸುವ ಅಗತ್ಯವಿಲ್ಲ.

ಐದು ಫ್ರೇಮಿಗೊಮ್ಮೆ ಮರಳುವ ದೋಷ

ಹೆಬ್ರಿಯ ಮೊದಲ ರಾತ್ರಿಯ 28 ಫ್ರೇಮುಗಳನ್ನು ಕ್ರಮವಾಗಿ ಜೋಡಿಸಿ ಪೂರ್ವ-ಪಶ್ಚಿಮ ದಿಕ್ಕಿನ ಗೆರೆಯನ್ನು ಅಳೆದಾಗ ಕಂಡದ್ದು ಹೀಗೆ: ಒಂದು ಫ್ರೇಮಿನಲ್ಲಿ ನಕ್ಷತ್ರ ಬಹುತೇಕ ದುಂಡು, ಮುಂದಿನದರಲ್ಲಿ ಸುಮಾರು ಏಳು ಪಿಕ್ಸೆಲ್ ಗೆರೆ, ಅನಂತರದ ಎರಡರಲ್ಲಿ ನಾಲ್ಕರ ಸುಮಾರು, ಮತ್ತೊಂದರಲ್ಲಿ ಏಳು, ಆಮೇಲೆ ಮತ್ತೆ ದುಂಡು. ಈ ವರಸೆ ಗಂಟೆಯುದ್ದಕ್ಕೂ ಐದೈದು ಫ್ರೇಮಿಗೆ ಮರುಕಳಿಸುತ್ತಿತ್ತು. ಗಾಳಿ ಬೀಸಿದ್ದರೆ, ಯಾರೋ ಅಂಗಳದಲ್ಲಿ ನಡೆದಿದ್ದರೆ ದೋಷ ಇಷ್ಟು ಶಿಸ್ತಾಗಿ ಬರುವುದಿಲ್ಲ. ನಿಯತವಾಗಿ ಮರಳುವ ದೋಷಕ್ಕೆ ನಿಯತವಾಗಿ ತಿರುಗುವ ಭಾಗವೇ ಕಾರಣವಾಗಿರಬೇಕು.

ಆ ಭಾಗ ಆರ್‌ಎ ಅಕ್ಷದ ಚಕ್ರವನ್ನು ತಿರುಗಿಸುವ ಸ್ಕ್ರೂ ಆಕಾರದ ಗೇರು, ಅಂದರೆ ವರ್ಮ್. ಮುಖ್ಯ ಚಕ್ರ 86,164 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ, ಅದಕ್ಕೆ 135 ಹಲ್ಲುಗಳಿವೆ, ವರ್ಮ್ ಒಂದು ಸುತ್ತು ಬಂದಾಗ ಚಕ್ರ ಒಂದು ಹಲ್ಲಿನಷ್ಟು ಮುಂದೆ ಹೋಗುತ್ತದೆ. ಹಾಗಾಗಿ ವರ್ಮಿನ ಒಂದು ಸುತ್ತಿಗೆ 638 ಸೆಕೆಂಡ್ ಬೇಕು. ಇತ್ತ ಒಂದು ಫ್ರೇಮ್ ಮತ್ತು ಬಿಡುವು ಸೇರಿ 128 ಸೆಕೆಂಡ್, ಐದು ಸೇರಿದರೆ 640. ಎರಡೂ ತಾಳೆಯಾಗುತ್ತವೆ. ವರ್ಮ್ ತನ್ನ ಅಕ್ಷಕ್ಕೆ ಕೂದಲೆಳೆಯಷ್ಟು ಓರೆಯಾಗಿದ್ದರೂ ದೂರದರ್ಶಕ ಅರ್ಧ ಸುತ್ತಿನಲ್ಲಿ ಸ್ವಲ್ಪ ಬೇಗವೂ ಉಳಿದರ್ಧದಲ್ಲಿ ಸ್ವಲ್ಪ ನಿಧಾನವೂ ಚಲಿಸುತ್ತದೆ. ಇದನ್ನು ಆವರ್ತಕ ದೋಷ ಎನ್ನುತ್ತಾರೆ. ಸಾಧಾರಣ ಬೆಲೆಯ ಮೌಂಟುಗಳಲ್ಲಿ ಇದು ನಡುಬಿಂದುವಿನಿಂದ ಅತ್ತಿತ್ತ 15 ಕೋನ ಸೆಕೆಂಡಿನಷ್ಟಿರುವುದು ಸಾಮಾನ್ಯ, ಅದನ್ನು ತಯಾರಿಕೆಯ ಕೊರತೆ ಎಂದು ಭಾವಿಸಿ ಮೌಂಟನ್ನು ಬಿಚ್ಚಲು ಹೋಗಬಾರದು.

ಲೆಕ್ಕವನ್ನು ಪೂರ್ಣಗೊಳಿಸೋಣ. ಅತ್ತಿತ್ತ 15 ಕೋನ ಸೆಕೆಂಡ್ ತೂಗುವ ಅಲೆಯಲ್ಲಿ, ವೇಗ ಅತಿ ಹೆಚ್ಚಿರುವ ನಡುಭಾಗದಲ್ಲಿ 120 ಸೆಕೆಂಡ್ ಕಳೆದರೆ ನಕ್ಷತ್ರ ಸುಮಾರು 16.7 ಕೋನ ಸೆಕೆಂಡ್, ಅಂದರೆ ಏಳೂವರೆ ಪಿಕ್ಸೆಲ್ ಸರಿಯುತ್ತದೆ. ಅಲೆ ತಿರುಗುವ ತುದಿಯಲ್ಲಿ ಅದೇ 120 ಸೆಕೆಂಡ್ ಕಳೆದರೆ ಎರಡೂವರೆ ಕೋನ ಸೆಕೆಂಡ್ ಅತ್ತ ಹೋಗಿ ಇತ್ತ ಬರುತ್ತದೆ, ಒಂದು ಪಿಕ್ಸೆಲಿನ ಆಸುಪಾಸು. ದುಂಡು ನಕ್ಷತ್ರದ ಫ್ರೇಮ್ ಆ ತುದಿಯದು, ಏಳು ಪಿಕ್ಸೆಲಿನವು ನಡುಭಾಗಕ್ಕೆ ಹತ್ತಿರದವು. ಐದರಲ್ಲಿ ಒಂದೇ ಫ್ರೇಮ್ ಚೆನ್ನಾಗಿ ಬರುತ್ತಿದೆ ಎಂದರೆ ರಾತ್ರಿಯ ಐದನೇ ನಾಲ್ಕು ಪಾಲು ವ್ಯರ್ಥವಾಗುತ್ತಿದೆ ಎಂದರ್ಥ, ಮತ್ತು ಇದು ಮೌಂಟ್ ಸರಿಯಾಗಿಯೇ ಕೆಲಸ ಮಾಡುತ್ತಿರುವಾಗಿನ ಮಾತು. ಟ್ರ್ಯಾಕಿಂಗ್ ಇದ್ದರೂ ಗೈಡಿಂಗ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ತಿಳಿದಿಲ್ಲ.

ನಿಮ್ಮ ಮೌಂಟಿನ ಅಲೆಯನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಒಂದು ಹಳೆಯ ವಿಧಾನವಿದೆ. ಧ್ರುವ ಹೊಂದಾಣಿಕೆಯನ್ನು ಬೇಕೆಂದೇ ಒಂದೆರಡು ಡಿಗ್ರಿ ಪಕ್ಕಕ್ಕೆ ಕೆಡಿಸಿ, ವಿಷುವದ್ವೃತ್ತದ ಬಳಿಯ ನಕ್ಷತ್ರವೊಂದು ಯಾಮ್ಯೋತ್ತರ ವೃತ್ತದ ಹತ್ತಿರವಿರುವಾಗ ಸೆನ್ಸರಿನ ಸೂಕ್ಷ್ಮತೆಯನ್ನು ತೀರ ತಗ್ಗಿಸಿ 11 ನಿಮಿಷದ ಒಂದೇ ಎಕ್ಸ್‌ಪೋಷರ್ ತೆಗೆಯಿರಿ. ಮಹಾವ್ಯಾಧನ, ಅಂದರೆ ಓರಿಯನ್ನಿನ, ಪಟ್ಟಿಯ ಪಶ್ಚಿಮ ತುದಿಯ ಮಿಂಟಕಾ ವಿಷುವದ್ವೃತ್ತದಿಂದ ಅರ್ಧ ಡಿಗ್ರಿಯೂ ಆಚೆಗಿಲ್ಲದ್ದರಿಂದ ಈ ಪರೀಕ್ಷೆಗೆ ಅನುಕೂಲ. ನಕ್ಷತ್ರ ನಿಧಾನವಾಗಿ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾ, ಆವರ್ತಕ ದೋಷದಿಂದ ಪೂರ್ವ-ಪಶ್ಚಿಮಕ್ಕೆ ತೂಗುತ್ತಾ ಅಲೆಯ ಆಕಾರದ ಗೆರೆಯೊಂದನ್ನು ಬರೆದುಕೊಡುತ್ತದೆ. ಅಲೆಯ ಒಂದು ತುದಿಯಿಂದ ಇನ್ನೊಂದಕ್ಕಿರುವ ಅಗಲವನ್ನು ಪಿಕ್ಸೆಲಿನಲ್ಲಿ ಅಳೆದು 2.2ರಿಂದ ಗುಣಿಸಿದರೆ ಪೂರ್ತಿ ತೂಗಾಟ ಸಿಗುತ್ತದೆ. ಹೆಬ್ರಿಯ ಮೌಂಟಿನಲ್ಲಿ ಅದು 14 ಪಿಕ್ಸೆಲಿನ ಹತ್ತಿರವಿತ್ತು. ಅಲೆ ನಯವಾಗಿರದೆ ನಡುನಡುವೆ ಥಟ್ಟನೆ ಜಿಗಿದಿದ್ದರೆ ಗೇರಿನಲ್ಲಿ ಕೊಳೆ ಸೇರಿರಬಹುದು ಅಥವಾ ಗ್ರೀಸ್ ಗಟ್ಟಿಯಾಗಿರಬಹುದು. ಹಾಗೆ ಜಿಗಿಯುವ ದೋಷವನ್ನು ಗೈಡಿಂಗ್ ಪೂರ್ತಿಯಾಗಿ ಹಿಡಿಯಲಾರದು.

ಒಂದೇ ಕಡೆಗೆ ಸರಿಯುವ ದೋಷ

ಅದೇ ಫ್ರೇಮುಗಳಲ್ಲಿ ಇನ್ನೊಂದು ದೋಷವೂ ಅಡಗಿತ್ತು. ದುಂಡು ಎಂದು ಕರೆದ ಫ್ರೇಮುಗಳಲ್ಲೂ ನಕ್ಷತ್ರ ಉತ್ತರ-ದಕ್ಷಿಣಕ್ಕೆ ಎರಡು ಪಿಕ್ಸೆಲಿಗಿಂತ ತುಸು ಹೆಚ್ಚು ಉದ್ದವಾಗಿತ್ತು, ಮತ್ತು ಇದು 28 ಫ್ರೇಮುಗಳಲ್ಲೂ ಸಮನಾಗಿತ್ತು. ಇಂಥ ಸಣ್ಣ ಉದ್ದವನ್ನು ಒಂದು ಫ್ರೇಮಿನಲ್ಲಿ ಅಳೆಯುವುದಕ್ಕಿಂತ ಮೊದಲ ಮತ್ತು ಕೊನೆಯ ಫ್ರೇಮುಗಳಲ್ಲಿ ಅದೇ ನಕ್ಷತ್ರದ ಸ್ಥಾನವನ್ನು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ. ಒಂದು ಗಂಟೆಯಲ್ಲಿ ನಕ್ಷತ್ರ ದಕ್ಷಿಣಕ್ಕೆ 71 ಪಿಕ್ಸೆಲ್, ಅಂದರೆ ಸುಮಾರು 157 ಕೋನ ಸೆಕೆಂಡ್ ಸರಿದಿತ್ತು. ನಿಮಿಷಕ್ಕೆ 2.6 ಕೋನ ಸೆಕೆಂಡ್. ಧ್ರುವಾಕ್ಷ ಒಂದು ಕೋನ ನಿಮಿಷ, ಅಂದರೆ 60 ಕೋನ ಸೆಕೆಂಡ್, ತಪ್ಪಿದ್ದರೆ ನಕ್ಷತ್ರ ಹೆಚ್ಚೆಂದರೆ ನಿಮಿಷಕ್ಕೆ 0.26 ಕೋನ ಸೆಕೆಂಡ್ ಸರಿಯುತ್ತದೆ. ಆದ್ದರಿಂದ ಇಲ್ಲಿ ಅಕ್ಷ ಸುಮಾರು 10 ಕೋನ ನಿಮಿಷ ತಪ್ಪಿದೆ. ಎಂ42 ಆಗ ಯಾಮ್ಯೋತ್ತರ ವೃತ್ತದ ಬಳಿ ಇದ್ದುದರಿಂದ ತಪ್ಪು ಎತ್ತರದ್ದಲ್ಲ, ಪೂರ್ವ-ಪಶ್ಚಿಮದ್ದು. ನಕ್ಷತ್ರ ದಕ್ಷಿಣಕ್ಕೆ ಸರಿದಿದೆ ಎಂದರೆ ಅಕ್ಷ ಪೂರ್ವಕ್ಕೆ ವಾಲಿದೆ.

ಕರಾವಳಿಯಲ್ಲಿ ಈ ತಪ್ಪು ಇಷ್ಟು ಸಾಮಾನ್ಯವಾಗಿರುವುದಕ್ಕೆ ಭೂಗೋಳವೇ ಕಾರಣ. ಧ್ರುವದ ಎತ್ತರ ಊರಿನ ಅಕ್ಷಾಂಶದಷ್ಟೇ ಇರುತ್ತದೆ, ಹಾಗಾಗಿ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಷ್ಟೇ ಇರುತ್ತದೆ. ಪಕ್ಕದ ತೋಟದ ಒಂದು ಸಾಲು ತೆಂಗಿನ ಮರ ಅದನ್ನು ಮರೆಮಾಡಲು ಸಾಕು. ಮರವಿಲ್ಲದಿದ್ದರೂ ಸಮುದ್ರದ ತೇವ ತುಂಬಿದ ಗಾಳಿಯ ದಪ್ಪ ಪದರದ ಮೂಲಕ ನೋಡಬೇಕಾದ್ದರಿಂದ ಅದು ಎಷ್ಟೋ ರಾತ್ರಿ ಬರಿಗಣ್ಣಿಗೆ ಸಿಗುವುದೇ ಇಲ್ಲ. ಸಿಕ್ಕರೂ ಅದು ನಿಜವಾದ ಧ್ರುವಬಿಂದುವಿನಿಂದ ಈಗ 38 ಕೋನ ನಿಮಿಷ ದೂರದಲ್ಲಿದೆ, ಆ ಎತ್ತರದಲ್ಲಿ ವಾತಾವರಣದ ವಕ್ರೀಭವನ ಅದನ್ನು ಇನ್ನೂ ನಾಲ್ಕು ಕೋನ ನಿಮಿಷ ಮೇಲೆತ್ತಿ ತೋರಿಸುತ್ತದೆ. ಮೊಬೈಲಿನ ದಿಕ್ಸೂಚಿಯನ್ನು ನಂಬುವವರೂ ಇದ್ದಾರೆ; ಕಬ್ಬಿಣದ ಸರಳುಗಳಿರುವ ತಾರಸಿಯ ಮೇಲೆ ಅದು ಹಲವು ಡಿಗ್ರಿ ತಪ್ಪಬಲ್ಲದು.

ಧ್ರುವ ಕಾಣದ ಜಾಗದಲ್ಲಿ ಡ್ರಿಫ್ಟ್ ವಿಧಾನವೇ ಗಟ್ಟಿಯಾದುದು. ಯಾಮ್ಯೋತ್ತರ ವೃತ್ತ ಮತ್ತು ವಿಷುವದ್ವೃತ್ತ ಸೇರುವಲ್ಲಿ, ನಮ್ಮಲ್ಲಿ ನೆತ್ತಿಯಿಂದ ದಕ್ಷಿಣಕ್ಕೆ 13 ಡಿಗ್ರಿ ಕೆಳಗೆ, ಇರುವ ನಕ್ಷತ್ರವೊಂದನ್ನು ಆರಿಸಿ ಕೆಲವು ನಿಮಿಷ ಗಮನಿಸಬೇಕು. ಜನವರಿಯ ನಡುವಿನಲ್ಲಿ ಮಿಂಟಕಾ ರಾತ್ರಿ ಹತ್ತೂವರೆಯ ಸುಮಾರಿಗೆ ಅಲ್ಲಿರುತ್ತದೆ. ಅದು ದಕ್ಷಿಣಕ್ಕೆ ಸರಿದರೆ ಮೌಂಟಿನ ಅಡ್ಡ ಸ್ಕ್ರೂಗಳಿಂದ ಅಕ್ಷವನ್ನು ಪಶ್ಚಿಮಕ್ಕೆ ತಿರುಗಿಸಬೇಕು, ಉತ್ತರಕ್ಕೆ ಸರಿದರೆ ಪೂರ್ವಕ್ಕೆ. ಇದಾದ ಮೇಲೆ ಎತ್ತರ. ಪುಸ್ತಕಗಳು ಪೂರ್ವ ದಿಗಂತದ ನಕ್ಷತ್ರವನ್ನು ನೋಡಿ ಎನ್ನುತ್ತವೆ, ಆದರೆ ಹೆಬ್ರಿಯಲ್ಲಿ ಪೂರ್ವಕ್ಕೆ ಘಟ್ಟದ ಗೋಡೆಯೇ ಇದೆ. ಪಶ್ಚಿಮದಲ್ಲಿ 30 ಡಿಗ್ರಿಯಷ್ಟು ಎತ್ತರದ ನಕ್ಷತ್ರ ಆದೀತು, ನಿಯಮ ಮಾತ್ರ ತಿರುವುಮುರುವಾಗುತ್ತದೆ: ಪಶ್ಚಿಮದ ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷ ಹೆಚ್ಚು ಎತ್ತರದಲ್ಲಿದೆ, ಉತ್ತರಕ್ಕೆ ಸರಿದರೆ ತಗ್ಗಿನಲ್ಲಿದೆ. ಗೈಡ್ ಕ್ಯಾಮೆರಾ ಇರುವವರು `PHD2` ತಂತ್ರಾಂಶದ `Drift Align` ಎಂಬ ಸಾಧನದಲ್ಲಿ ಡೆಕ್ ಗೆರೆಯ ಇಳಿಜಾರನ್ನು ನೇರವಾಗಿ ನೋಡುತ್ತಾ ಸ್ಕ್ರೂ ತಿರುಗಿಸಬಹುದು. ಗೆರೆ ಮಟ್ಟಸವಾಗುವವರೆಗೆ ಮುಂದುವರಿಸಬೇಕು.

ಕೆಳ ಅಕ್ಷಾಂಶದ ಇನ್ನೊಂದು ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಅಕ್ಷ ಬರೀ 13 ಡಿಗ್ರಿ ಮೇಲೆದ್ದಿರುವುದರಿಂದ ಮೌಂಟಿನ ತಲೆ ಬಹುತೇಕ ಅಡ್ಡವಾಗಿ ಮಲಗಿರುತ್ತದೆ, ಭಾರವೆಲ್ಲ ಉತ್ತರದ ಕಡೆ ಚಾಚಿರುತ್ತದೆ. ಟ್ರೈಪಾಡಿನ ಒಂದು ಕಾಲನ್ನು ಉತ್ತರಕ್ಕಿಟ್ಟರೆ ವಾಲುವುದು ತಪ್ಪುತ್ತದೆ, ಆದರೆ ಪ್ರತಿಭಾರದ ಸಲಾಕೆ ಅದೇ ಕಾಲಿಗೆ ತಾಗುವ ಸಂಭವವಿದೆ. ಕ್ಲಚ್ ಸಡಿಲಿಸಿ ಕೈಯಿಂದ ಒಮ್ಮೆ ಪೂರ್ತಿ ತಿರುಗಿಸಿ ನೋಡಿ. ತಾಗುವುದಾದರೆ ಟ್ರೈಪಾಡಿನ ಮೇಲೆ ಗಿಡ್ಡ ಕಂಬವೊಂದನ್ನು ಸೇರಿಸಿ ತಲೆಯನ್ನು ಎತ್ತರಿಸಬೇಕು.

ಗೈಡಿಂಗ್ ಏನು ಮಾಡುತ್ತದೆ

ಎರಡನೇ ಸಲ ಗೆಳೆಯರು ಮುಖ್ಯ ದೂರದರ್ಶಕದ ಮೇಲೆ 160 ಮಿಲಿಮೀಟರ್ ನಾಭಿದೂರದ ಚಿಕ್ಕ ಗೈಡ್ ದೂರದರ್ಶಕವನ್ನೂ 3.75 ಮೈಕ್ರಾನ್ ಪಿಕ್ಸೆಲಿನ ಪುಟ್ಟ ಕ್ಯಾಮೆರಾವನ್ನೂ ಅಳವಡಿಸಿದರು. ಅದರ ಒಂದು ಪಿಕ್ಸೆಲ್ 4.8 ಕೋನ ಸೆಕೆಂಡಿಗೆ ಸಮ. ಮುಖ್ಯ ಕ್ಯಾಮೆರಾದ ಪಿಕ್ಸೆಲಿಗಿಂತ ಎರಡು ಪಟ್ಟು ಒರಟಾದ ಅಳತೆ ಹೇಗೆ ಸಾಕಾಗುತ್ತದೆ ಎಂಬ ಸಂಶಯ ಸಹಜ. ನಕ್ಷತ್ರದ ಬೆಳಕು ಹಲವು ಪಿಕ್ಸೆಲುಗಳ ಮೇಲೆ ಹರಡಿರುವುದರಿಂದ ಅದರ ನಡುಬಿಂದುವನ್ನು ತಂತ್ರಾಂಶ ಒಂದು ಪಿಕ್ಸೆಲಿನ ಐದನೆಯ ಅಥವಾ ಹತ್ತನೆಯ ಒಂದು ಪಾಲಿನಷ್ಟು ನಿಖರವಾಗಿ ಲೆಕ್ಕ ಹಾಕಬಲ್ಲದು. ಹೀಗಾಗಿ ಒಂದು ಕೋನ ಸೆಕೆಂಡಿನ ಒಳಗಿನ ಸರಿತವೂ ಅದಕ್ಕೆ ಕಾಣುತ್ತದೆ.

ಆವರ್ತಕ ದೋಷದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 0.15 ಕೋನ ಸೆಕೆಂಡ್. ಗೈಡ್ ಕ್ಯಾಮೆರಾ ಎರಡೂವರೆ ಸೆಕೆಂಡಿಗೊಮ್ಮೆ ನಕ್ಷತ್ರದ ಸ್ಥಾನ ನೋಡಿದರೆ, ಎರಡು ನೋಟಗಳ ನಡುವೆ ತಪ್ಪು 0.4 ಕೋನ ಸೆಕೆಂಡಿಗಿಂತ ಹೆಚ್ಚು ಬೆಳೆಯಲು ಅವಕಾಶವಿಲ್ಲ. ತಂತ್ರಾಂಶ ಮೌಂಟಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಹೊತ್ತು ವೇಗವನ್ನು ಬದಲಿಸಲು ಹೇಳುತ್ತದೆ, ತಪ್ಪು ಅಲ್ಲಿಗೆ ಸರಿಹೋಗುತ್ತದೆ. ಗೈಡಿಂಗ್ ಇಲ್ಲದಾಗ ಎರಡು ನಿಮಿಷದಲ್ಲಿ ಏಳು ಪಿಕ್ಸೆಲಾಗಿದ್ದ ದೋಷ ಹೀಗೆ ಅರ್ಧ ಪಿಕ್ಸೆಲಿನ ಆಸುಪಾಸಿಗೆ ಇಳಿಯುತ್ತದೆ. ಗೈಡಿಂಗ್ ಸಾಧಾರಣವಾಗಿ ಎಷ್ಟಿದ್ದರೆ ಸಾಕು ಎಂದು ಕೇಳಿದರೆ, ಈ ಸಲಕರಣೆಗೆ `Total` ಎಂದು ತೋರಿಸುವ `RMS` ಮೌಲ್ಯ, ಅಂದರೆ ಒಂದು ಬಗೆಯ ಸರಾಸರಿ ತಪ್ಪು, ಒಂದು ಕೋನ ಸೆಕೆಂಡಿನ ಸುತ್ತಮುತ್ತ ಇದ್ದರೆ ಸಾಕು ಎನ್ನುತ್ತೇನೆ. ಅದಕ್ಕಿಂತ ಕೆಳಗಿಳಿಸಲು ಪಡುವ ಶ್ರಮ 2.2 ಕೋನ ಸೆಕೆಂಡಿನ ಪಿಕ್ಸೆಲಿನಲ್ಲಿ ಕಾಣಿಸುವುದಿಲ್ಲ.

ಗೈಡಿಂಗ್ ಇದ್ದೂ ಗೆರೆ ಬಂದರೆ

ಗೈಡಿಂಗಿನ ಗ್ರಾಫನ್ನೂ ಫ್ರೇಮನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಗ್ರಾಫ್ ಕೆಟ್ಟಿದ್ದು ಫ್ರೇಮೂ ಕೆಟ್ಟಿದ್ದರೆ ದೋಷ ಮೌಂಟಿನಲ್ಲಿದೆ ಅಥವಾ ಗೈಡಿಂಗ್ ಹೊಂದಾಣಿಕೆಯಲ್ಲಿದೆ. ಗ್ರಾಫ್ ಮಟ್ಟಸವಾಗಿದ್ದು ಫ್ರೇಮ್ ಮಾತ್ರ ಕೆಟ್ಟಿದ್ದರೆ ಮೌಂಟ್ ನಿರ್ದೋಷಿ; ಗೈಡ್ ದೂರದರ್ಶಕ ಒಂದು ಕಡೆ, ಮುಖ್ಯ ದೂರದರ್ಶಕ ಇನ್ನೊಂದು ಕಡೆ ನೋಡತೊಡಗಿವೆ ಎಂದರ್ಥ.

ಈ ಎರಡನೆಯದೇ ಹೆಚ್ಚು ದಾರಿ ತಪ್ಪಿಸುವಂಥದು. ಹೆಬ್ರಿಯ ಎರಡನೇ ಸಲದ ಗ್ರಾಫ್ 0.9 ಕೋನ ಸೆಕೆಂಡ್ ತೋರಿಸುತ್ತಿತ್ತು, ಎರಡು ನಿಮಿಷದ ಫ್ರೇಮುಗಳಲ್ಲಿ ನಕ್ಷತ್ರಗಳೂ ದುಂಡಾಗಿದ್ದವು. ಐದು ನಿಮಿಷಕ್ಕೆ ಏರಿಸಿದೊಡನೆ ಎಲ್ಲ ಫ್ರೇಮುಗಳಲ್ಲೂ ಒಂದೇ ಓರೆ ದಿಕ್ಕಿನ ಸಣ್ಣ ಉದ್ದ ಕಾಣಿಸಿತು. ಗಂಟೆಯ ಮೊದಲ ಮತ್ತು ಕೊನೆಯ ಫ್ರೇಮ್ ಹೋಲಿಸಿದಾಗ ಚಿತ್ರವೆಲ್ಲ ಒಂದೇ ಕಡೆಗೆ 20 ಪಿಕ್ಸೆಲ್ ಜಾರಿತ್ತು. ಎರಡು ನಿಮಿಷಕ್ಕೆ ಅದು ಪಿಕ್ಸೆಲಿನ ಮೂರನೇ ಎರಡು ಪಾಲು, ಕಣ್ಣಿಗೆ ಬೀಳುವುದಿಲ್ಲ. ಐದು ನಿಮಿಷಕ್ಕೆ ಒಂದೂವರೆಯ ಮೇಲೆ. ಕೆಲವರು ಇದಕ್ಕೆ ಧ್ರುವ ಹೊಂದಾಣಿಕೆಯ ತಪ್ಪಿನಿಂದಾಗುವ ಚಿತ್ರ ತಿರುಗುವಿಕೆಯನ್ನು ಕಾರಣವೆನ್ನುತ್ತಾರೆ, ಆದರೆ 10 ಕೋನ ನಿಮಿಷದ ತಪ್ಪಿಗೆ ಎಂ42ರ ಬಳಿ ಐದು ನಿಮಿಷದಲ್ಲಿ ಮೂಲೆಯ ನಕ್ಷತ್ರ ಪಿಕ್ಸೆಲಿನ ಐದನೇ ಒಂದು ಪಾಲಿನಷ್ಟೇ ಸರಿಯುತ್ತದೆ. ತಿರುಗುವಿಕೆಯಾಗಿದ್ದರೆ ಬೇರೆ ಬೇರೆ ಮೂಲೆಗಳ ಗೆರೆಗಳು ಬೇರೆ ಬೇರೆ ದಿಕ್ಕಿಗಿರಬೇಕಿತ್ತು, ಇಲ್ಲಿ ಎಲ್ಲವೂ ಒಂದೇ ದಿಕ್ಕಿಗಿದ್ದವು. ಹುಡುಕಿದಾಗ ಗೈಡ್ ದೂರದರ್ಶಕವನ್ನು ಮೂರು ಪ್ಲಾಸ್ಟಿಕ್ ತುದಿಯ ಸ್ಕ್ರೂಗಳ ಉಂಗುರದಲ್ಲಿ ಹಿಡಿದಿದ್ದದ್ದು, ಡಿಎಸ್‌ಎಲ್‌ಆರ್‌ನ ತಂತಿ ಗಾಳಿಯಲ್ಲಿ ಜೋತು ಫೋಕಸರನ್ನು ಎಳೆಯುತ್ತಿದ್ದದ್ದು ಎರಡೂ ಸಿಕ್ಕವು. ಉಂಗುರದ ಬದಲು ಕೊಳವೆಯನ್ನು ಸುತ್ತ ಬಿಗಿಯುವ ಲೋಹದ ಹಿಡಿಕೆ, ತಂತಿಗೆ ಮೌಂಟಿನ ತಲೆಯ ಬಳಿ ಒಂದು ಕಟ್ಟು, ಫೋಕಸರಿಗೆ ಬೀಗದ ಸ್ಕ್ರೂ. ಇಷ್ಟರಿಂದ ಜಾರಿಕೆ ಗಂಟೆಗೆ ಐದು ಪಿಕ್ಸೆಲಿಗಿಳಿಯಿತು.

ಗ್ರಾಫೇ ಕೆಟ್ಟಿರುವಾಗ ಅದರ ಆಕಾರವನ್ನು ನೋಡಬೇಕು. ಡೆಕ್ ಗೆರೆ ಒಂದು ಬದಿಯಲ್ಲಿ ಬಹಳ ಹೊತ್ತು ನಿಂತು, ತಿದ್ದುಪಡಿಗಳು ಸಾಲುಸಾಲಾಗಿ ಹೋದರೂ ಕದಲದೆ, ಆಮೇಲೆ ಒಮ್ಮೆಲೆ ಇನ್ನೊಂದು ಬದಿಗೆ ಹಾರಿದರೆ ಡೆಕ್ ಗೇರುಗಳ ನಡುವೆ ಸಡಿಲವಿದೆ. `PHD2`ದ `Guiding Assistant` ಅದನ್ನು ಅಳೆದು ಹೇಳುತ್ತದೆ. ಧ್ರುವಾಕ್ಷವನ್ನು ಎರಡು-ಮೂರು ಕೋನ ನಿಮಿಷ ತಪ್ಪಾಗಿಯೇ ಬಿಟ್ಟು, ನಕ್ಷತ್ರ ಸರಿಯುವ ದಿಕ್ಕಿಗೆ ಎದುರಾಗಿ ಮಾತ್ರ ಡೆಕ್ ತಿದ್ದುಪಡಿ ಹೋಗುವಂತೆ ಮಾಡಿದರೆ ಗೇರು ಯಾವಾಗಲೂ ಒಂದೇ ಬದಿಗೆ ಒತ್ತಿರುತ್ತದೆ, ಸಡಿಲ ಅಡ್ಡಬರುವುದಿಲ್ಲ. ಎರಡೂ ಅಕ್ಷಗಳು ಪ್ರತಿ ನೋಟಕ್ಕೂ ಅತ್ತಿತ್ತ ಗರಗಸದ ಹಲ್ಲಿನಂತೆ ಏರಿಳಿದರೆ ತಂತ್ರಾಂಶ ವಾತಾವರಣದ ಮಿನುಗನ್ನೇ ಬೆನ್ನಟ್ಟುತ್ತಿದೆ; ಗೈಡ್ ಎಕ್ಸ್‌ಪೋಷರನ್ನು ಅರ್ಧ ಸೆಕೆಂಡಿನಿಂದ ಎರಡು-ಮೂರು ಸೆಕೆಂಡಿಗೆ ಏರಿಸಿ, ತಿದ್ದುಪಡಿಯ ತೀವ್ರತೆಯನ್ನು ತಗ್ಗಿಸಬೇಕು.

ನಮ್ಮ ಕಡೆಯ ಕೊನೆಯ ಸಂಶಯಿತ ಇಬ್ಬನಿ. ಗ್ರಾಫ್ ನಡುರಾತ್ರಿಯವರೆಗೆ ಚೆನ್ನಾಗಿದ್ದು, ಆಮೇಲೆ ತಾಸೊಂದರಲ್ಲಿ ನಿಧಾನವಾಗಿ ಒರಟಾಗುತ್ತಾ, ಕಡೆಗೆ `Star lost` ಎಂಬ ಸೂಚನೆ ಬಂದರೆ ಗೇರು ಬಿಚ್ಚುವ ಮುನ್ನ ಟಾರ್ಚಿನ ಬೆಳಕನ್ನು ಗೈಡ್ ದೂರದರ್ಶಕದ ಲೆನ್ಸಿನ ಮೇಲೆ ಓರೆಯಾಗಿ ಬಿಟ್ಟು ನೋಡಿ. ನಕ್ಷತ್ರ ಗದ್ದಲಕ್ಕಿಂತ ಎಷ್ಟು ಎದ್ದು ಕಾಣುತ್ತದೆಂದು ಹೇಳುವ, ಪರದೆಯಲ್ಲಿ `SNR` ಎಂದು ಬರೆದ ಅಂಕಿ ಹಾರದೆ ಮೆಲ್ಲಮೆಲ್ಲನೆ ಇಳಿದಿರುವುದು ಇದರ ಗುರುತು. ಮೋಡವಾಗಿದ್ದರೆ ಅದು ಏರಿಳಿಯುತ್ತಿತ್ತು. ಮುಖ್ಯ ದೂರದರ್ಶಕಕ್ಕೆ ಮಾತ್ರ ಹೀಟರ್ ಪಟ್ಟಿ ಸುತ್ತಿ ಚಿಕ್ಕದನ್ನು ಬಿಟ್ಟುಬಿಡುವುದು ತುಂಬ ಕಡೆ ಕಂಡಿದ್ದೇನೆ. ಚಿಕ್ಕ ಲೆನ್ಸ್ ಬೇಗ ತಣಿಯುತ್ತದೆ, ಇಬ್ಬನಿ ಅದರ ಮೇಲೆ ಮೊದಲು ಕೂರುತ್ತದೆ. ಪಟ್ಟಿಯನ್ನು ಕತ್ತಲಾದ ಕೂಡಲೇ ಸಣ್ಣ ಕಾವಿನಲ್ಲಿ ಹಾಕಬೇಕು. ನೀರು ಕೂತ ಮೇಲೆ ಹಾಕಿದರೆ ಒಣಗಲು ಅರ್ಧ ತಾಸು ಹೋಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಪ್ರತ್ಯೇಕ ಗೈಡ್ ದೂರದರ್ಶಕಕ್ಕೆ ಒಂದು ಮಿತಿಯಿದೆ. ಗಂಟೆಗೆ ಐದು ಪಿಕ್ಸೆಲಿನ ಜಾರಿಕೆ 400 ಮಿಲಿಮೀಟರಿಗೆ ಲೆಕ್ಕಕ್ಕಿಲ್ಲ, ಆದರೆ ಅದೇ ಬಾಗುವಿಕೆ 1,000 ಮಿಲಿಮೀಟರ್ ನಾಭಿದೂರದಲ್ಲಿ ಹನ್ನೆರಡೂವರೆ ಪಿಕ್ಸೆಲಾಗುತ್ತದೆ, ಐದು ನಿಮಿಷದ ಫ್ರೇಮಿನಲ್ಲಿ ಮತ್ತೆ ಒಂದು ಪಿಕ್ಸೆಲಿನ ಉದ್ದವಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಮುಖ್ಯ ದೂರದರ್ಶಕದೊಳಗಿನ ಬೆಳಕಿನ ಅಂಚಿನಿಂದಲೇ ಸಣ್ಣ ಪ್ರಿಸಮ್ ಮೂಲಕ ಗೈಡ್ ನಕ್ಷತ್ರವನ್ನು ಪಡೆಯುವ ಆಫ್-ಆಕ್ಸಿಸ್ ಗೈಡರ್ ಬೇಕಾಗುತ್ತದೆ.